ಸೀಟ್ ಕವರು ಬಿಟ್ಟ ಲೆಕ್ಕ

ಹೊಲಿದ ಬಟ್ಟೆಗಳನ್ನು ಊರೂರಿಗೆ ಒಯ್ಯಲು ಕಾರು ಬೇಕೆಂದು ಟೈಲರಮ್ಮ ಐದು ಲಕ್ಷ ಎಂಬತ್ತು ಸಾವಿರ ಕೂಡಿಟ್ಟಿದ್ದಳು. ಆನ್‌ರೋಡ್ ಬೆಲೆ ಆರು ಲಕ್ಷ ಹತ್ತು ಸಾವಿರ ಎಂದು ಶೋರೂಮಿನವನು ಹೇಳಿದಾಗ ಜೊತೆಗಿದ್ದ ಮಗಳ ಮುಖ ಬಾಡಿತು.

“ಬಿಡಿಸಿ ಹೇಳಪ್ಪ,” ಎಂದಳು ಟೈಲರಮ್ಮ.

“ಶೋರೂಮ್ ಬೆಲೆ ಐದು ಲಕ್ಷ. ಅದ್ರ ಮೇಲೆ ರಸ್ತೆ ತೆರಿಗೆ ಐವತ್ತು ಸಾವಿರ, ರಿಜಿಸ್ಟ್ರೇಷನ್ ಐದು, ಇನ್ಶೂರೆನ್ಸ್ ಇಪ್ಪತ್ತೈದು, ಆಕ್ಸೆಸರೀಸ್ ಮೂವತ್ತು.”

“ಇದ್ರಲ್ಲಿ ಯಾವ್ದು ಬಿಟ್ರೂ ಕಾರು ರಸ್ತೆಗಿಳಿಯುತ್ತೆ?”

ಅವನು ತಲೆ ಕೆರೆದುಕೊಂಡ. “ಆಕ್ಸೆಸರೀಸ್ ಒಂದೇ ಅಮ್ಮ. ಸೀಟ್ ಕವರು, ಮ್ಯಾಟು... ಆದ್ರೆ ಎಲ್ರೂ ಹಾಕಿಸ್ತಾರೆ.”

“ಹೊಲಿಯೋಳಿಗೇ ಹೊಲಿಗೆ ಮಾರ್ತೀಯಾ? ಕವರು ನಾನೇ ಹೊಲೀತೀನಿ. ಅದನ್ನ ಹೊಡ್ದು ಹಾಕು.”

ಅವನು ನಗುತ್ತಾ ಆ ಸಾಲನ್ನು ಹೊಡೆದು ಹಾಕಿದ. ಉಳಿದದ್ದು ಸರಿಯಾಗಿ ಐದು ಲಕ್ಷ ಎಂಬತ್ತು ಸಾವಿರ. ಮಗಳು ಆಗಲೇ ಅಮ್ಮನ ಚೀಲದಿಂದ ಟೇಪು ತೆಗೆದು ಸೀಟಿನ ಅಳತೆಗೆ ಹೊರಟಿದ್ದಳು.