ಕೊಸೈನಮ್ಮನಿಗೆ ಐದಕ್ಕೆ ಎರಡು

ಆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಮೇಡಂಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ಹುಡುಗರು ಇಟ್ಟ ಹೆಸರು ಕೊಸೈನಮ್ಮ. ಅದೇ ಗಟ್ಟಿಯಾಗಿ ಅಂಟಿಕೊಂಡಿತು. ಗೇಟಿನ ಕಾವಲುಗಾರನೂ, "ಕೊಸೈನಮ್ಮೋರು ಇನ್ನೂ ಒಳಗವ್ರೆ, ಬೀಗ ಹಾಕ್ಬೇಡ" ಎನ್ನುತ್ತಿದ್ದ.

ಹೆಸರು ಬಂದದ್ದು ಹೀಗೆ. ಇಳಿಜಾರಿನ ಲೆಕ್ಕ ಮಾಡಿಸುವಾಗ ಯಾರಾದರೂ ಹಲಗೆ ಒತ್ತುವ ಬಲವನ್ನು ತೂಕದಷ್ಟೇ ಎಂದು ಬರೆದರೆ ಸಾಕು, ಮೇಡಂ ಮೇಜು ಗುದ್ದುತ್ತಿದ್ದರು. "ಕೊಸೈನ್ ಎಲ್ಲಿ? ನುಂಗಿಬಿಟ್ಯಾ? ನೆಲ ಚಪ್ಪಟೆ ಇದ್ದಾಗ ಪೆಟ್ಟಿಗೆ ತನ್ನ ತೂಕವನ್ನೆಲ್ಲ ನೆಲದ ಮೇಲೆ ಹೇರುತ್ತೆ, ನೆಲ ಅಷ್ಟನ್ನೇ ವಾಪಸ್ ತಳ್ಳುತ್ತೆ. ಓರೆ ಮಾಡಿದ ಮೇಲೆ? ತೂಕದ ಒಂದು ಪಾಲು ಕೆಳಕ್ಕೆ ಜಾರಿಸೋ ಕೆಲಸಕ್ಕೆ ಹೋಯ್ತು. ಹಲಗೆ ಪಾಲಿಗೆ ಉಳಿದದ್ದೆಷ್ಟು? ಅದನ್ನ ಬರಿ!" ಹೀಗೆ ಹೇಳಿ ಹೇಳಿ ಅವರ ಗಂಟಲು ಒಡೆದಿತ್ತು. ಹುಡುಗರು ಕ್ಯಾಂಟೀನಿನಲ್ಲಿ ಲೋಟ ಓರೆ ಮಾಡಿಕೊಂಡು ಅದೇ ದನಿಯಲ್ಲಿ ಅಣಕಿಸುತ್ತಿದ್ದರು.

ಮೇಡಂ ಮದುವೆಯಾಗಲಿಲ್ಲ. ತಮ್ಮ, ತಮ್ಮನ ಹೆಂಡತಿ, ಅವರ ಮಗಳು, ಇವರೇ ಅವರ ಸಂಸಾರ. ಮಗಳು ಅದೇ ಕಾಲೇಜಿನಲ್ಲಿ ಮೊದಲನೇ ವರ್ಷ ವಿಜ್ಞಾನ ಓದುತ್ತಿದ್ದಳು. ಮನೆಯಲ್ಲಿ 'ಅತ್ತೆ', ಕಾಲೇಜಿನಲ್ಲಿ 'ಮೇಡಂ'. ನಡುವೆ ಬಸ್ ಸ್ಟಾಪಿನಲ್ಲಿ ಏನನ್ನಬೇಕೋ ಗೊತ್ತಾಗದೆ ಹುಡುಗಿ ಬರೀ ಕೆಮ್ಮುತ್ತಿದ್ದಳು. ಭೌತಶಾಸ್ತ್ರವೆಂದರೆ ಅವಳಿಗೆ ಎದೆ ಡವಡವ. ವರ್ಷದ ಕೊನೆಯ ಪರೀಕ್ಷೆಯಲ್ಲಿ ಅದೊಂದು ಪಾಸಾದರೆ ಎರಡನೇ ವರ್ಷಕ್ಕೆ ಹತ್ತುತ್ತಾಳೆ. ಇಲ್ಲವಾದರೆ ಮರುಪರೀಕ್ಷೆ, ಅದೂ ಹೋದರೆ ವಿಜ್ಞಾನವೇ ಕೈಬಿಟ್ಟ ಹಾಗೆ. ನರ್ಸಿಂಗ್ ಸೇರಬೇಕೆಂಬುದು ಅವಳ ಆಸೆ. ಆ ಆಸೆಯನ್ನು ಅವಳಿಗಿಂತ ಹೆಚ್ಚು ಹೊತ್ತವಳು ಅವಳ ತಾಯಿ.

ಪ್ರಶ್ನೆಪತ್ರಿಕೆ ಮಾಡುವುದು ಮೇಡಂ ಕೆಲಸ. ತಮ್ಮನ ಮಗಳ ಉತ್ತರಪತ್ರಿಕೆಯನ್ನು ತಾವು ಮುಟ್ಟಬಾರದೆಂದು ಅವಳ ತರಗತಿಯ ಕಟ್ಟನ್ನು ಚಿಕ್ಕ ಮೇಷ್ಟ್ರಿಗೆ ಕೊಟ್ಟಿದ್ದರು. ಚಿಕ್ಕ ಮೇಷ್ಟ್ರು ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಬಾಯಿ ಜೋರು, ಮನಸ್ಸು ಮೆತ್ತಗೆ. ಫೇಲಾಗುವ ಅಂಚಿನಲ್ಲಿರುವ ಪತ್ರಿಕೆಗಳನ್ನು ಮಾತ್ರ ಮೇಡಂ ಮತ್ತೊಮ್ಮೆ ನೋಡಬೇಕೆಂಬುದು ಅಲ್ಲಿಯ ಪದ್ಧತಿ.

ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಫ್ಯಾನು ಗರಗರ ಎನ್ನುತ್ತಿತ್ತು. ಮೇಡಂ ಒಂದು ಫೇಲಾದ ಪತ್ರಿಕೆ ಬಿಡಿಸಿದರು. ಇಳಿಜಾರಿನ ಪ್ರಶ್ನೆ: ಹತ್ತು ಕಿಲೋ ಪೆಟ್ಟಿಗೆ, ಮೂವತ್ತು ಡಿಗ್ರಿ ಓರೆಯ ಹಲಗೆ, ಘರ್ಷಣಾಂಕ 0.55, ಗುರುತ್ವ ಹತ್ತು ಎಂದು ಹಿಡಿಯಿರಿ, ಪೆಟ್ಟಿಗೆ ಜಾರುತ್ತದೆಯೇ ಇಲ್ಲವೇ? ಹುಡುಗ ಅಂದವಾಗಿ ಬರೆದಿದ್ದ. ತೂಕ ನೂರು ನ್ಯೂಟನ್. ಜಾರಿಸುವ ಪಾಲು ಸೈನ್ ಮೂವತ್ತರಿಂದ ಐವತ್ತು. ಹಲಗೆ ಒತ್ತುವ ಬಲ ಕೊಸೈನ್ ಮೂವತ್ತರಿಂದ 86.6. ಘರ್ಷಣೆ ಹೆಚ್ಚೆಂದರೆ 47.6. ಐವತ್ತರ ಮುಂದೆ ಅದು ಸಾಲದು, ಪೆಟ್ಟಿಗೆ ಜಾರುತ್ತದೆ. ಅದರ ಮೇಲೆ ಕೆಂಪು ಗೆರೆ ಅಡ್ಡ ಬಿದ್ದಿತ್ತು. ಅಂಕ ಐದಕ್ಕೆ ಒಂದು.

"ಏನ್ರೀ ಮೇಷ್ಟ್ರೇ, ಕನ್ನಡಕ ಮನೇಲಿ ಬಿಟ್ಟು ಬಂದಿದ್ರಾ?" ಎಂದು ಮೇಡಂ ನಕ್ಕರು. "ಪಾಪ, ಕೊಸೈನ್ ಹಾಕಿದ ಒಬ್ಬ ಪುಣ್ಯಾತ್ಮನ್ನೂ ಫೇಲ್ ಮಾಡಿದ್ದೀರಲ್ಲ."

ಚಿಕ್ಕ ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಕೀ ಉತ್ತರದ ಹಾಳೆ ಮುಂದಿಟ್ಟರು. "ನನಗೂ ಅನುಮಾನ ಬಂತು ಮೇಡಂ. ಆದ್ರೆ ಕೀ ಬಿಟ್ಟು ಅಲ್ಲಾಡ್ಬೇಡಿ ಅಂದೋರು ನೀವೇ. ಇದು ನಿಮ್ಮ ಕೈಬರಹಾನೇ ಅಲ್ವಾ?"

ಹಾಳೆಯಲ್ಲಿ ಮೇಡಂನ ಗುಂಡಗಿನ ಅಕ್ಷರಗಳು. ಎಳೆಯುವ ಬಲ ಐವತ್ತು. ಲಂಬ ಬಲ, ಅಂದರೆ ಹಲಗೆ ಒತ್ತುವ ಬಲ, ತೂಕಕ್ಕೆ ಸಮ, ನೂರು. ಘರ್ಷಣೆ ಹೆಚ್ಚೆಂದರೆ ಐವತ್ತೈದು. ಪೆಟ್ಟಿಗೆ ಅಲುಗದು.

ಮೇಡಂ ನಗು ಅಲ್ಲೇ ನಿಂತಿತು. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

ಎಲ್ಲಿ ಕಾಲು ಜಾರಿತೆಂದು ಅವರಿಗೆ ತಕ್ಷಣ ಹೊಳೆಯಿತು. ಹಿಂದಿನ ವರ್ಷ ಅದೇ ಪ್ರಶ್ನೆ ಚಪ್ಪಟೆ ನೆಲದ ಮೇಲಿತ್ತು: ಹತ್ತು ಕಿಲೋ ಪೆಟ್ಟಿಗೆಯನ್ನು ಅಡ್ಡಲಾಗಿ ಐವತ್ತು ನ್ಯೂಟನ್ ಬಲದಿಂದ ಎಳೆದರೆ ಅಲುಗುತ್ತದೆಯೇ? ಈ ಸಲ ಪ್ರಿನ್ಸಿಪಾಲರು, "ಅದೇ ಪ್ರಶ್ನೆ ಮತ್ತೆ ಬೇಡ, ಸ್ವಲ್ಪ ತಿರುಚಿ" ಎಂದರು. ಪರೀಕ್ಷೆ ಫೀಸು ಕಟ್ಟುವವರ ಸಾಲು ಬಾಗಿಲಲ್ಲಿ ಗಲಾಟೆ ಮಾಡುತ್ತಿದ್ದಾಗ ಮೇಡಂ ನೆಲವನ್ನು ಹಲಗೆಯಾಗಿಸಿದರು. ಮೂವತ್ತು ಡಿಗ್ರಿ ಓರೆ ಇಟ್ಟರೆ ಜಾರಿಸುವ ಬಲವೂ ಸರಿಯಾಗಿ ಐವತ್ತೇ ಬರುತ್ತದಲ್ಲ, ಮತ್ತೇನು ಬದಲಾಯಿತು, ಕೀ ಹಾಗೇ ಇರಲಿ ಎಂದುಕೊಂಡರು. ಎಳೆತ ಬದಲಾಗಲಿಲ್ಲ, ನಿಜ. ಆದರೆ ಒತ್ತಡ ಬದಲಾಗಿತ್ತು. ಜೀವಮಾನವಿಡೀ ಯಾವುದಕ್ಕಾಗಿ ಮೇಜು ಗುದ್ದಿದ್ದರೋ ಅದನ್ನೇ ತಾವು ನುಂಗಿದ್ದರು.

"ಕಟ್ಟೆಲ್ಲ ತನ್ನಿ" ಎಂದರು.

ಇಬ್ಬರೂ ಕೂತು ತಿರುವಿದರು. ಕೊಸೈನ್ ಹಾಕಿದವರಿಗೆಲ್ಲ ಅಡ್ಡ ಗೆರೆ. ತೂಕವನ್ನೇ ಲಂಬ ಬಲವೆಂದು ಬರೆದವರಿಗೆಲ್ಲ ಐದಕ್ಕೆ ಐದು. ತಪ್ಪಿದವರೇ ಹೆಚ್ಚು. ಒಂದು ಪತ್ರಿಕೆ ಬಂದಾಗ ಮೇಡಂ ಕೈ ಹಿಂದಕ್ಕೆ ಹೋಯಿತು. ಮೇಲೆ ನಂಬರು ಮಾತ್ರ ಇತ್ತು, ಆದರೆ ಸೊನ್ನೆಗೆ ಬಾಲ ಬಿಡುವ ಆ ಚಾಳಿ ಮನೆಯಲ್ಲೇ ಕಂಡದ್ದು. ಆ ಹುಡುಗಿ ಸೈನ್ ಬರೆದಿದ್ದಳು, ಐವತ್ತು ತಂದಿದ್ದಳು, ಮುಂದೆ ಲಂಬ ಬಲ ನೂರು ಎಂದಿದ್ದಳು. ಪೆಟ್ಟಿಗೆ ಅಲುಗದು. ಐದಕ್ಕೆ ಐದು. ಒಟ್ಟು ಮೂವತ್ತೇಳು. ಪಾಸಿಗೆ ಮೂವತ್ತೈದು ಬೇಕು.

"ಇದನ್ನ ನೀವೇ ನೋಡಿ, ನಾನು ಮುಟ್ಟಲ್ಲ" ಎಂದು ಮೇಡಂ ಕಿಟಕಿಯತ್ತ ತಿರುಗಿದರು.

ಚಿಕ್ಕ ಮೇಷ್ಟ್ರು ಲೆಕ್ಕ ಹಾಕಿದರು. ಸೈನ್ ಪಾಲಿಗೆ ಒಂದು, ಘರ್ಷಣೆಯ ಸೂತ್ರಕ್ಕೆ ಒಂದು. ಕೊಸೈನ್ ಇದ್ದರೆ ಎರಡು, ಕೊನೆಯ ತೀರ್ಮಾನಕ್ಕೆ ಒಂದು, ಅವೆರಡೂ ಇಲ್ಲ. ಐದಿದ್ದದ್ದು ಎರಡಾಯಿತು. ಮೂವತ್ತನಾಲ್ಕು.

"ಒಂದೇ ಒಂದು ಮಾರ್ಕು ಮೇಡಂ. ಬೇರೆ ಎಲ್ಲಾದ್ರೂ ಹುಡುಕಿದ್ರೆ ಸಿಗುತ್ತೆ."

"ಹುಡುಕಿ. ಬೇಡ ಅನ್ನಲ್ಲ. ಆದ್ರೆ ಎಲ್ಲರದ್ದೂ ಹಾಗೇ ಹುಡುಕ್ಬೇಕು."

ಅವರು ಹುಡುಕಿದರು. ಪ್ರಾಮಾಣಿಕವಾಗಿ ಕೊಡಬಹುದಾದ ಮಾರ್ಕು ಸಿಗಲಿಲ್ಲ.

ಪ್ರಿನ್ಸಿಪಾಲರು ಸುದ್ದಿ ಕೇಳಿ ಹಣೆ ಉಜ್ಜಿಕೊಂಡರು. "ನಾಳೆ ರಿಸಲ್ಟು ಹಾಕ್ಬೇಕು. ಸುಲಭದ ದಾರಿ ಇದೆಯಲ್ಲ? ಆ ಪ್ರಶ್ನೆ ಬರೆದೋರಿಗೆಲ್ಲ ಐದೂ ಕೊಟ್ಬಿಡಿ. ಕೊಸೈನ್ ಹಾಕಿದೋನೂ ಪಾಸು, ಹಾಕದೋಳೂ ಪಾಸು. ನಿಮ್ಮ ಮನೇಲೂ ನೆಮ್ಮದಿ."

ಆ ಮಾತು ಮೇಡಂ ಎದೆಗೆ ತಣ್ಣಗೆ ತಗುಲಿತು. ಹೂಂ ಎಂದರೆ ಮುಗಿಯಿತು. ಬಾಯಿ ತೆರೆದರು ಕೂಡ. ಆಮೇಲೆ ನಿಧಾನವಾಗಿ ಹೇಳಿದರು: "ಪ್ರಶ್ನೇಲಿ ತಪ್ಪಿದ್ರೆ ಎಲ್ಲರಿಗೂ ಕೊಡ್ಬಹುದಿತ್ತು ಸಾರ್. ಪ್ರಶ್ನೆ ಸರಿಯಾಗಿದೆ. ತಪ್ಪಿದ್ದು ನನ್ನ ಕೀ. ನನ್ನ ತಪ್ಪು ಮುಚ್ಚೋಕೆ ಆ ಪೆಟ್ಟಿಗೇನ ಹಲಗೆ ಮೇಲೆ ನಿಲ್ಲಿಸೋಕಾಗಲ್ಲ. ಅದು ಜಾರುತ್ತೆ."

"ಯೋಚನೆ ಮಾಡಿ ಹೇಳ್ತಿದ್ದೀರಾ?"

"ಯೋಚನೆ ಮಾಡಿದ್ರೆ ಹೇಳೋಕೆ ಧೈರ್ಯ ಬರಲ್ಲ. ಅದಕ್ಕೇ ಈಗಲೇ ಹೇಳ್ತಿದ್ದೀನಿ."

ಮಾರನೆಯ ದಿನ ರಿಸಲ್ಟು ಬಂತು, ಕೀ ತಪ್ಪಿದ ಸುದ್ದಿಯೂ ಮನೆ ಮುಟ್ಟಿತು. ರಾತ್ರಿ ಒಲೆ ಉರಿಯಿತು, ಊಟವೂ ಆಯಿತು. ತಮ್ಮ ತಟ್ಟೆ ನೋಡಿಕೊಂಡೇ ಉಂಡೆದ್ದ. ತಮ್ಮನ ಹೆಂಡತಿ ಪಾತ್ರೆ ಕುಕ್ಕಿ ಇಟ್ಟು, ಕೊನೆಗೆ ಕೇಳಿಯೇಬಿಟ್ಟಳು.

"ಅತ್ತಿಗೆ, ಊರ ಮಕ್ಕಳಿಗೆಲ್ಲ ನ್ಯಾಯ ಆಯ್ತಲ್ಲ, ಹೊಟ್ಟೆ ತುಂಬ್ತಾ? ಪ್ರಿನ್ಸಿಪಾಲರೇ ಕೊಡ್ತೀನಿ ಅಂದ್ರಂತೆ. ನೀವು ಬೇಡ ಅಂದ್ರಂತೆ."

"ಅಂದೆ ಕಣಮ್ಮ."

"ನಿಮ್ಮ ತೊಡೆ ಮೇಲೆ ಬೆಳೆದೋಳು ಅವಳು."

ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು. "ನೀವು ತಪ್ಪು ಬರೆದ್ರೂ ಮೇಡಮ್ಮೇ ಆಗಿರ್ತೀರಿ. ನಾನು ಅದೇ ತಪ್ಪು ಬರೆದ್ರೆ ಫೇಲು. ಚೆನ್ನಾಗಿದೆ ಅತ್ತೆ."

ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದು ನಿಂತಿತು. ಯಾಕೆಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹುಡುಗಿಯೇ ಮತ್ತೆ ಕೇಳಿದಳು, ಜಗಳದ ದನಿಯಲ್ಲೇ: "ಅಲ್ಲ, ಪೆಟ್ಟಿಗೆ ನೂರು ತೂಕ ಇದ್ರೆ ಓರೆ ಮಾಡಿದ್ ತಕ್ಷಣ ತೂಕ ಇಳಿದುಹೋಗುತ್ತಾ? ಯಾರು ತಿಂದ್ರು ಅದನ್ನ?"

ಮೇಡಂ ಎದ್ದು ಅಡುಗೆಮನೆಯ ಚಿಕ್ಕ ತಕ್ಕಡಿ ತಂದರು, ತಟ್ಟೆ ಮೇಲಿರುವ, ಮುಳ್ಳು ತಿರುಗುವಂಥದ್ದು. ಅದನ್ನು ಮಣೆಯ ಮೇಲಿಟ್ಟು, ತಟ್ಟೆಗೆ ಒಂದು ಇಟ್ಟಿಗೆ ಚೂರನ್ನು ಜಾರದ ಹಾಗೆ ಅಂಟುಪಟ್ಟಿಯಿಂದ ಬಿಗಿದರು. ಮುಳ್ಳು ಒಂದು ಗೆರೆಗೆ ನಿಂತಿತು. ಮಣೆಯ ಒಂದು ಬದಿ ಎತ್ತುತ್ತ ಹೋದ ಹಾಗೆ ಮುಳ್ಳು ಮೆಲ್ಲಗೆ ಹಿಂದಕ್ಕೆ ಸರಿಯಿತು.

"ತೂಕ ಎಲ್ಲೂ ಹೋಗಿಲ್ಲ ಕಣೇ. ಭೂಮಿ ಅಷ್ಟೇ ಎಳೀತಿದೆ. ಆದ್ರೆ ತಕ್ಕಡಿ ತನ್ನನ್ನ ನೇರವಾಗಿ ಒತ್ತೋದನ್ನ ಮಾತ್ರ ಓದುತ್ತೆ. ಹಲಗೇನೂ ಹಾಗೇ. ಪೆಟ್ಟಿಗೆ ಹಲಗೆ ಒಳಕ್ಕೂ ಹೋಗಲ್ಲ, ಹಲಗೆ ಬಿಟ್ಟು ಹಾರೋದೂ ಇಲ್ಲ. ಅಂದ್ರೆ ಆ ದಿಕ್ಕಲ್ಲಿ ಎರಡು ಕಡೆ ಬಲ ಸಮ. ಸಮ ಆಗ್ಬೇಕಾದ್ದು ಆ ದಿಕ್ಕಿನ ಪಾಲಿಗೆ, ಪೂರ್ತಿ ತೂಕಕ್ಕಲ್ಲ."

ಹುಡುಗಿ ಮಣೆಯನ್ನು ಕಸಿದುಕೊಂಡು ತಾನೇ ಎತ್ತಿದಳು, ಇಳಿಸಿದಳು. ಎಲ್ಲವನ್ನೂ ಎತ್ತಿಕೊಂಡು ಒಳಗೆ ಹೋದಳು. ತಕ್ಕಡಿ ವಾಪಸ್ ಬರಲಿಲ್ಲ.

ಮೇಡಂ ತಮ್ಮ ಕೋಣೆಯಲ್ಲಿ ಕೂತು ತಮ್ಮದೇ ಕೀ ಹಾಳೆಯನ್ನು ಬಿಡಿಸಿಕೊಂಡರು. ಲಂಬ ಬಲದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, 'ಕೊಸೈನ್ ಎಲ್ಲಿ?' ಎಂದು ಬರೆದರು. ಅಂಚಿನಲ್ಲಿ ಅಂಕ ಹಾಕಿದರು: ಐದಕ್ಕೆ ಎರಡು. ಬೆಳಿಗ್ಗೆ ಅಂಕಪಟ್ಟಿಯ ಪಕ್ಕದಲ್ಲೇ ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚಿದರು. ಚಿಕ್ಕ ಮೇಷ್ಟ್ರು ಓಡಿ ಬಂದು, "ಮೇಡಂ, ಇದೇನು ಅವಾಂತರ, ಮಕ್ಕಳು ನಗ್ತಾರೆ" ಎಂದರು.

"ನಗಲಿ ಬಿಡಿ. ಇಷ್ಟು ವರ್ಷ ಅಳಿಸಿದ್ದೀನಿ."

ಮಕ್ಕಳು ನಕ್ಕರು. ಕ್ಯಾಂಟೀನಿನಲ್ಲಿ ಲೋಟಗಳು ಓರೆಯಾದವು. ಆದರೆ ಬೋರ್ಡಿನ ಮುಂದೆ ನಿಂತು ತಮ್ಮ ಉತ್ತರವನ್ನು ಆ ಹಾಳೆಯೊಂದಿಗೆ ಹೋಲಿಸಿದವರು ಬಹಳ ಮಂದಿ.

ಮನೆ ಮಾತ್ರ ಹಾಗೇ ಬಿಗಿದುಕೊಂಡಿತ್ತು. ತಮ್ಮನ ಹೆಂಡತಿ ಕಾಫಿ ಲೋಟವನ್ನು ಕೈಗೆ ಕೊಡುವುದು ಬಿಟ್ಟು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳು. ಮರುಪರೀಕ್ಷೆ ಹತ್ತಿರ ಬರುತ್ತಿತ್ತು. ಹುಡುಗಿ ಅತ್ತೆಯ ಹತ್ತಿರ ಲೆಕ್ಕ ಕೇಳಲು ಬರಲಿಲ್ಲ, ಮೇಡಂ ಕರೆಯಲೂ ಇಲ್ಲ.

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಇಬ್ಬರೇ. ಹುಡುಗಿ ಎಂದಿನಂತೆ ಕೆಮ್ಮಿದಳು. ಆಮೇಲೆ ರಸ್ತೆ ನೋಡಿಕೊಂಡೇ ಹೇಳಿದಳು:

"ನಿಮ್ಮ ಕೀಗೆ ನೀವು ಜಾಸ್ತಿ ಮಾರ್ಕು ಹಾಕ್ಕೊಂಡಿದ್ದೀರಿ."

"ಏನೇ?"

"ಎರಡಲ್ಲ, ಒಂದೇ. ಘರ್ಷಣೆ ಸೂತ್ರಕ್ಕೆ ಒಂದು, ಸರಿ. ಸೈನ್‌ಗೆ ಇನ್ನೊಂದು ಹೇಗೆ ಬಂತು? ನಾವೆಲ್ಲ ಐವತ್ತು ಎಲ್ಲಿಂದ ಬಂತು ಅಂತ ಬರೆದಿದ್ವಿ. ನೀವು ಬರೆದೇ ಇಲ್ಲ. ಹೋದ ವರ್ಷದ ಪೇಪರಿನ ನೆಲದ ಲೆಕ್ಕದ ಐವತ್ತನ್ನೇ ಹಲಗೆ ಮೇಲೆ ತಂದಿಟ್ಟಿದ್ದೀರಿ."

ಮೇಡಂ ಮನಸ್ಸಿನಲ್ಲೇ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಹುಡುಗಿ ಹೇಳಿದ್ದು ಸರಿಯಾಗಿತ್ತು.

"ನಿನಗಿಂತ ಕಡಿಮೆ ಬಂತಲ್ಲೇ ನನಗೆ" ಎಂದರು.

"ಹೂಂ" ಎಂದಳು ಹುಡುಗಿ. ನಗಲಿಲ್ಲ. ಬಸ್ಸು ಬಂತು. ಹತ್ತುವಾಗ ಅತ್ತೆಯ ಕೈಯಿಂದ ಪುಸ್ತಕದ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಕಾವಲುಗಾರ ಗೇಟು ತೆರೆದಾಗ ಕೊಸೈನಮ್ಮ ಆಗಲೇ ಬಂದು ನಿಂತಿದ್ದರು. ನೇರವಾಗಿ ನೋಟಿಸ್ ಬೋರ್ಡಿಗೆ ಹೋಗಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು, ಎರಡನ್ನು ಹೊಡೆದುಹಾಕಿ ಒಂದು ಎಂದು ಬರೆದರು.