ಕಿಟಕಿ ಸಾಲಿನ ನಾಲ್ಕು ಕಂಪ್ಯೂಟರ್‌ಗಳು

ನಾನು ಭಾವನ ಹುಬ್ಬು ಒಡೆದದ್ದು ಒಂದು ಭಾನುವಾರ ಮಧ್ಯಾಹ್ನ, ಇಪ್ಪತ್ತು ಮಂದಿಯ ಎದುರು.

ಬಲ್ಮಠದಲ್ಲಿ ನಾವಿಬ್ಬರು ಸೇರಿ ಒಂದು ಗೇಮಿಂಗ್ ಅಂಗಡಿ ನಡೆಸುತ್ತಿದ್ದೆವು. ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆಯಲ್ಲಿ ನಮ್ಮದು ತುಳು, ಗಿರಾಕಿಗಳ ಎದುರು ಕನ್ನಡ. ಇದ್ದ ಎಂಟು ಕಂಪ್ಯೂಟರ್‌ಗಳೂ ಹಳೆಯವು, ಆದರೆ ಒಂದೇ ಬಗೆಯವಲ್ಲ. ಗೋಡೆ ಸಾಲಿನ ನಾಲ್ಕರಲ್ಲಿ ಪ್ರೊಸೆಸರ್ ಮುದಿಯಾಗಿತ್ತು, ಗ್ರಾಫಿಕ್ಸ್ ಕಾರ್ಡ್ ಮಾತ್ರ ನಾವು ಆಮೇಲೆ ಹಾಕಿಸಿದ ಸುಮಾರು ಒಳ್ಳೆಯದು. ಕಿಟಕಿ ಸಾಲಿನಲ್ಲಿ ತದ್ವಿರುದ್ಧ: ಪ್ರೊಸೆಸರ್ ಪರವಾಗಿಲ್ಲ, ಕಾರ್ಡ್ ಎರಡೇ ಜಿಬಿ ಮೆಮೊರಿಯ ಹಳೇ ಸರಕು.

ಹುಡುಗರು ಹೆಚ್ಚು ಆಡುತ್ತಿದ್ದ ಶೂಟಿಂಗ್ ಆಟದ ಸೆಟ್ಟಿಂಗ್‌ನಲ್ಲಿ ಚಿತ್ರ ಮೂಡಿಸಲು ಎರಡು ದಾರಿಗಳಿದ್ದವು: ಡೈರೆಕ್ಟ್‌ಎಕ್ಸ್ ಹನ್ನೊಂದು, ಇಲ್ಲವೇ ವಲ್ಕನ್. ಭಾವ ವಲ್ಕನ್ ಅನ್ನು ಗೋಡೆ ಸಾಲಿನಲ್ಲಿ ಪರೀಕ್ಷಿಸಿದ್ದರು. ಅದರಲ್ಲಿ ಪ್ರೊಸೆಸರ್ ಮೇಲಿನ ಹೊರೆ ಇಳಿಯುತ್ತದೆ, ಆದ್ದರಿಂದ ಅಲ್ಲಿ ಆಟ ನೀರಿನಂತೆ ಹರಿದಿತ್ತು. ಆ ಹುರುಪಿನಲ್ಲಿ, ಭಾನುವಾರ ಅಂಗಡಿಯಲ್ಲಿ ಇಟ್ಟುಕೊಂಡಿದ್ದ ಪಂದ್ಯದ ಹಿಂದಿನ ದಿನ, ಎಂಟಕ್ಕೂ ವಲ್ಕನ್ ಹಾಕಿಬಿಟ್ಟರು.

"ಕಿಟಕಿ ಸಾಲಿಗೆ ಬೇಡ ಭಾವ. ಅದು ತಡವರಿಸ್ತದೆ," ಎಂದೆ.

"ಸುರುವಿಗೆ ಎಲ್ಲ ಕಡೆ ಹಾಗೆಯೇ. ಬೆಳಕು ನೆರಳು ಬಿಡಿಸುವ ಶೇಡರ್ ಎಲ್ಲ ತಯಾರಾದ ಮೇಲೆ ಸರಿ ಆಗ್ತದೆ ಮಾರಾಯ. ನಿನಗೆ ಎಂತ ಗೊತ್ತುಂಟು?"

ಅವರ ಮಾತು ಗೋಡೆ ಸಾಲಿಗೆ ನಿಜವಾಗಿತ್ತು. ಅದೇ ಎಡವಟ್ಟಾದದ್ದು.

ಎರಡು ಕಾಲೇಜುಗಳ ತಂಡಗಳು ಬಂದವು, ತಲಾ ನಾಲ್ವರು, ಜೊತೆಗೆ ನೋಡಲು ಅವರ ಗೆಳೆಯರು. ಒಂದು ತಂಡ ಗೋಡೆ ಸಾಲಿನಲ್ಲಿ, ಇನ್ನೊಂದು ಕಿಟಕಿ ಸಾಲಿನಲ್ಲಿ ಕೂತಿತು. ಆಟ ಶುರುವಾದ ಹತ್ತು ನಿಮಿಷದೊಳಗೆ ಕಿಟಕಿ ಸಾಲಿನವರು ಬೈಯತೊಡಗಿದರು. ಬಾಂಬ್ ಸಿಡಿದಾಗಲೆಲ್ಲ ಪರದೆ ಒಂದು ಕ್ಷಣ ಕಲ್ಲಾಗಿ ನಿಲ್ಲುತ್ತಿತ್ತು. ಅಷ್ಟರಲ್ಲಿ ಎದುರಿನವರು ಗುಂಡಿಕ್ಕುತ್ತಿದ್ದರು. ಮೂರನೇ ಸುತ್ತು ಸೋತಾಗ ಆ ತಂಡದ ನಾಯಕ ಕೀಬೋರ್ಡನ್ನು ಎರಡು ಕೈಯಿಂದ ಎತ್ತಿ ಮೇಜಿಗೆ ಅಪ್ಪಳಿಸಿದ. ಕೀಲಿಗಳು ನೆಲಕ್ಕೆ ಚೆಲ್ಲಿದವು. ಗೋಡೆ ಸಾಲಿನವನೊಬ್ಬ ನಕ್ಕ. ಮರುಕ್ಷಣ ನಾಯಕ ಅವನ ಮೇಲೆ ಬಿದ್ದ. ನಕ್ಕವನ ಅಂಗಿ ಹರಿದು, ಒಂದು ಕುರ್ಚಿ ಉರುಳಿತು.

ನಾನು ಅವರಿಬ್ಬರನ್ನು ಬಿಡಿಸಿದೆ. "ಐದು ನಿಮಿಷ ಕೊಡಿ. ಡೈರೆಕ್ಟ್‌ಎಕ್ಸ್‌ಗೆ ಹಾಕಿ ಆಟ ಬಂದ್ ಮಾಡಿ ಪುನಃ ಸುರು ಮಾಡಿದ್ರೆ ಸರಿ ಆಗ್ತದೆ. ನಾನು ನಿನ್ನೆಯೇ ಹೇಳಿದ್ದೆ, ಇವರು ಕೇಳ್ಲಿಲ್ಲ," ಎಂದೆ, ಎಲ್ಲರಿಗೂ ಕೇಳುವಂತೆ.

ಆ ಕೊನೆಯ ಮಾತು ಬೇಕಿರಲಿಲ್ಲ. ಭಾವ ಕೌಂಟರ್ ದಾಟಿ ಬಂದು ನನ್ನ ಕಪಾಳಕ್ಕೆ ಬಾರಿಸಿದರು. ಕಿವಿ ಗುಂಯ್ ಎಂದಿತು. ನನಗೆ ಆ ಹೊತ್ತಿನಲ್ಲಿ ಕಂಡದ್ದು ಅವರ ಮುಖವಲ್ಲ, ನೋಡುತ್ತಿದ್ದ ಅಷ್ಟೂ ಹುಡುಗರ ಮುಖ. ನಾನು ಮುಷ್ಟಿ ಕಟ್ಟಿ ಹೊಡೆದೆ. ನನ್ನ ಬೆರಳಿನ ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಭಾವ ಪಕ್ಕಕ್ಕೆ ವಾಲಿ, ಮೇಜಿನ ಮೂಲೆಗೆ ಹುಬ್ಬು ಬಡಿದು ಬಿದ್ದರು. ಬಿದ್ದವರ ಪಕ್ಕೆಗೆ ಒದ್ದೆ. ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ.

ಜಗಳವಾಡುತ್ತಿದ್ದ ಎರಡೂ ತಂಡದವರು ಒಟ್ಟಾಗಿ ನನ್ನನ್ನು ಹಿಡಿದರು. ಕೀಬೋರ್ಡ್ ಅಪ್ಪಳಿಸಿದ್ದ ಅದೇ ನಾಯಕ ನನ್ನ ಎರಡೂ ಕೈ ಹಿಂದಕ್ಕೆ ತಿರುಚಿ ಹಿಡಿದು, "ಸಾಕು ಅಣ್ಣ, ಸಾಕು, ಸತ್ತು ಹೋಗ್ತಾರೆ," ಎನ್ನುತ್ತಿದ್ದ. ಭಾವನ ಕಣ್ಣಿನ ಮೇಲಿಂದ ರಕ್ತ ಇಳಿದು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು.

ಆಸ್ಪತ್ರೆಯಲ್ಲಿ ಅವರಿಗೆ ಆರು ಹೊಲಿಗೆ, ನನಗೆ ಪ್ಲಾಸ್ಟರ್. ಓಡಿ ಬಂದ ಅಕ್ಕ ಗಂಡನ ಹಣೆ ನೋಡಿದಳು, ನನ್ನ ಕೈ ನೋಡಿದಳು. ಯಾರ ಪಕ್ಕದಲ್ಲೂ ಕೂರಲಿಲ್ಲ.

"ಯಾವುದಕ್ಕೆ ಹೊಡೆದುಕೊಂಡದ್ದು?" ಎಂದು ಕೇಳಿದಳು. ಹೇಳಿದೆವು. ಒಂದು ಸೆಟ್ಟಿಂಗ್‌ಗಾಗಿ.

ಮರುವಾರ ಅವಳೇ ನಮ್ಮನ್ನು ಅಂಗಡಿಯಲ್ಲಿ ಕೂರಿಸಿದಳು. ಎಂಟರಲ್ಲೂ ಆಟದ ಒಂದೇ ನಕ್ಷೆ, ಒಂದೇ ಜಾಗ. ಶೇಡರ್ ತಯಾರಾಗಲೆಂದು ಮೊದಲ ಎರಡು ಸುತ್ತು ಲೆಕ್ಕಕ್ಕಿಲ್ಲ, ಆಮೇಲೆ ಎರಡೂ ದಾರಿಯಲ್ಲಿ ಪರೀಕ್ಷೆ. ಕಿಟಕಿ ಸಾಲಿನಲ್ಲಿ ವಲ್ಕನ್‌ನಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳ ಸರಾಸರಿ ಸ್ವಲ್ಪ ಹೆಚ್ಚೇ ಇತ್ತು. ಗೋಡೆ ಸಾಲಿನಲ್ಲಿ ಭಾವ ನೋಡಿ ನಂಬಿದ್ದೂ ಇಂಥ ಸರಾಸರಿಯನ್ನೇ. ಆದರೆ ಒಂದೊಂದು ಚಿತ್ರಕ್ಕೆ ತಗಲುವ ಸಮಯದ ಗೆರೆ ಹಲ್ಲು ಹಲ್ಲಾಗಿ ಏರುತ್ತಿತ್ತು. ಕಾರ್ಡಿನ ಎರಡು ಜಿಬಿ ತುಂಬಿ, ಆಟ ನಿಂತು ನಿಂತು ಬರುತ್ತಿತ್ತು. ಡೈರೆಕ್ಟ್‌ಎಕ್ಸ್‌ನಲ್ಲಿ ಸಂಖ್ಯೆ ಕಡಿಮೆ, ಗೆರೆ ಸಮ. ಗೋಡೆ ಸಾಲಿನಲ್ಲಿ ವಲ್ಕನ್ ಗೆದ್ದಿತು. ಅಲ್ಲಿಗೂ ಡೈರೆಕ್ಟ್‌ಎಕ್ಸ್ ಹಾಕಬೇಕೆಂದು ನಾನು ಒಳಗೊಳಗೇ ಹಟ ಹಿಡಿದಿದ್ದೆ. ಅದೂ ತಪ್ಪಾಗಿತ್ತು.

"ಮೊದಲು ಕೈ ಎತ್ತಿದ್ದು ನಾನು," ಎಂದರು ಭಾವ, ಪರದೆ ನೋಡುತ್ತಲೇ.

"ಬಿದ್ದವರಿಗೆ ಒದ್ದದ್ದು ನಾನು ಭಾವ."

ನಾನು ಕ್ಷಮೆ ಕೇಳಿದೆ. ಅವರು ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಆರಿಸತೊಡಗಿದರು. ಅಕ್ಕ ಗೋಡೆ ಸಾಲಿಗೆ ವಲ್ಕನ್, ಕಿಟಕಿ ಸಾಲಿಗೆ ಡೈರೆಕ್ಟ್‌ಎಕ್ಸ್ ಎಂದು ಚೀಟಿ ಅಂಟಿಸಿದಳು. ಬೆಳಿಗ್ಗೆ ಭಾವ, ಮೂರು ಗಂಟೆಯ ಮೇಲೆ ನಾನು ಎಂದೂ ಅವಳೇ ತೀರ್ಮಾನಿಸಿದಳು. ಈಗಲೂ ಹಾಗೆಯೇ ನಡೆದಿದೆ. ಮೂರು ಗಂಟೆಗೆ ಅಂಗಡಿಯ ಬೀಗದ ಕೈ ಕೊಡುವಾಗ ಒಂದೆರಡು ಮಾತು ಆಡುತ್ತೇವೆ.