ಬಿಳಿ ಗೋಡೆಗೊಂದು ಅರ್ಜಿ

ಮೊನ್ನೆ ಪೇಂಟರ್ ಪ್ರೈಮರ್ ಡಬ್ಬಿಯ ಮುಚ್ಚಳ ಎಬ್ಬಿಸಿದ್ದೇ ತಡ, ಆ ಘಾಟು ಮೂಗಿಗೆ ಬಡಿದು ಬೀದರಿನ ಮನೆಮಾಲೀಕ ಕಾಕಾ ನೆನಪಾದರು. ನನ್ನೂರು ಔರಾದ ಬಿಟ್ಟು ಬಂದ ಹೊಸದರಲ್ಲಿ ಅವರ ಮನೆಯ ಮೇಲಿನ ಖೋಲಿ ಬಾಡಿಗೆ ಹಿಡಿದು ಹೊಲಿಗೆ ಮಷಿನ್ ಇಟ್ಟಿದ್ದೆ. ಕೆಳಗೆ ಕಾಕಾ, ಕಾಕಿ. ಬೇಳೆ ವ್ಯಾಪಾರ ಮಾಡಿ ಸಾಕಾಗಿ ಕೂತ ಮನುಷ್ಯ. ವಾದ ಮಾಡುವುದೊಂದು ಮಾತ್ರ ಅವರಿಗೆ ಸಾಕಾಗಿರಲಿಲ್ಲ.

ಖೋಲಿಯ ನಾಲ್ಕೂ ಗೋಡೆಗೆ ಗಿಳಿಹಸಿರು ಎಣ್ಣೆಬಣ್ಣ. ಬಾಗಿಲು, ಕಿಟಕಿ, ಗೂಡು ಎಲ್ಲವೂ ಅದೇ. "ಹಸರು ಕಣ್ಣಿಗಿ ತಂಪು ಯವ್ವಾ" ಅನ್ನುತ್ತಿದ್ದರು. ಕಣ್ಣಿಗೇನೋ ತಂಪು, ನನ್ನ ಹೊಟ್ಟೆಗೆ ಮಾತ್ರ ಬೆಂಕಿ. ಗೋಡೆಯ ಹಸಿರು ಬಟ್ಟೆಯ ಮೇಲೆ ಬಿದ್ದು, ಒಳಗೆ ಬಟ್ಟೆಯ ಬಣ್ಣಕ್ಕೆ ಸರಿಯಾಗಿ ಕೂಡಿದ ದಾರ ಹೊರಗೆ ಒಯ್ದರೆ ಬೇರೆಯೇ ಬಣ್ಣ. ಭಾಲ್ಕಿಯ ಮದುಮಗಳೊಬ್ಬಳ ತಾಯಿ ಬ್ಲೌಸ್ ತಂದು ನನ್ನ ಮುಂದೆ ಒಗೆದು, "ಕುಂಕುಮ ಬಣ್ಣಕ್ಕ ಇಟ್ಟಂಗಿ ಬಣ್ಣದ ದಾರ ಹಾಕೀರಲ್ರಿ, ಕಣ್ಣು ಅದಾವೋ ಇಲ್ಲೋ?" ಅಂದಳು. ಮದುವೆಯ ಸುಗ್ಗಿ ಬೇರೆ. ಇನ್ನೊಂದೆರಡು ಹೀಗಾದರೆ ಗಿರಾಕಿಗಳು ಮುಖ ತಿರುಗಿಸುತ್ತಾರೆ, ನಾನು ಮಷಿನ್ ಹೊತ್ತುಕೊಂಡು ಔರಾದಿನ ಬಸ್ಸು ಹತ್ತಬೇಕು. ಅವತ್ತು ಕೂತು ಅತ್ತೆ.

ಗೋಡೆಗೆ ಬಣ್ಣ ಬದಲಿಸುತ್ತೇನೆ ಎಂದು ಕಾಕಾರನ್ನು ಕೇಳಿದೆ. "ಬಾಯಿಮಾತು ಗಾಳಿಗಿ ಹೋಗ್ತದ. ಬರದು ಕೊಡ್ರಿ" ಅಂದರು. ಮೆಟ್ಟಿಲಿಳಿದರೆ ಸಿಗುವ ಮನುಷ್ಯನಿಗೆ ಪತ್ರ! ಬರೆದೆ. ಮೂರು ಗೋಡೆಗೆ ಹೊಳಪಿಲ್ಲದ ಅಚ್ಚ ಬಿಳಿ, ಯಾಕೆಂದರೆ ಕೆನೆಬಣ್ಣ ಬಳಿದರೆ ಹಸಿರಿನ ಬದಲು ಹಳದಿ ಬೀಳುತ್ತದೆ. ಗಿರಾಕಿಗಳು ಒರಗಿ ಕೂರುವ ನಾಲ್ಕನೆಯ ಗೋಡೆಯ ಮೇಲ್ಭಾಗಕ್ಕೂ ಅದೇ ಬಿಳಿ, ಕೆಳಭಾಗಕ್ಕೆ ತಿಳಿ ಬೂದಿ ಬಣ್ಣ, ತಲೆ ಎಣ್ಣೆಯ ಕಲೆ ಕಾಣದಂತೆ, ಬಟ್ಟೆಯ ಬಣ್ಣವನ್ನೂ ಕೆಡಿಸದಂತೆ. ಎಣ್ಣೆಬಣ್ಣದ ಮೇಲೆ ಹಾಗೇ ಬಳಿದರೆ ಹಪ್ಪಳದಂತೆ ಏಳುತ್ತದೆ, ಅದಕ್ಕಾಗಿ ಮೊದಲು ಉಜ್ಜು ಕಾಗದದಿಂದ ಹೊಳಪು ತೆಗೆದು, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಎರಡು ಕೈ ಬಣ್ಣ. ಖರ್ಚು ನನ್ನದು. ಬಾಗಿಲು, ಕಿಟಕಿ ಮುಟ್ಟುವುದಿಲ್ಲ.

ಕಾಕಾ ಕನ್ನಡಕ ಏರಿಸಿ, ಕಾಕಿಗೂ ಕೇಳಲೆಂದು ಗಟ್ಟಿಯಾಗಿ ಓದಿದರು. "ಅಚ್ಚ ಬಿಳಿ ಯಾಕ್ರಿ? ದವಾಖಾನಿ ಇಡವರಿದ್ದೀರೇನು? ದಾರ ಕೆಳಗ ಬಿಸಲಾಗ ಒಯ್ದು ನೋಡ್ರಿ."

"ಒಂದೊಂದು ರೀಲಿಗಿ ಮೆಟ್ಟಲ ಇಳದು ಹತ್ತಿದ್ರ ಹೊಲಿಯೋದು ಯಾವಾಗ್ರಿ ಕಾಕಾ?"

"ಗ್ವಾಡಿ ಬಣ್ಣ ಬಟ್ಟಿಗಿ ಹತ್ತದಿಲ್ಲ. ನಾ ಬ್ಯಾಳಿ ಬಣ್ಣ ನೋಡಿ ಅದು ಬೆಳದ ಊರು ಹೇಳ್ದವ."

ನನಗೂ ಹಟ ಬಂತು. ಕಾಕಿಯ ಬದನೆಕಾಯಿ ಬಣ್ಣದ ರೇಷ್ಮೆ ಸೀರೆಗೆ ಅಂಚು ಹೊಲಿಯುವುದಿತ್ತು. ನೀವೇ ದಾರ ಆರಿಸಿ ಎಂದು ಕಾಕಾರಿಗೆ ಅಂದೆ. ಮೇಲೆ ಬಂದು, ರೀಲುಗಳನ್ನೆಲ್ಲ ಸೀರೆಯ ಮೇಲೆ ಇಟ್ಟು ಇಟ್ಟು ನೋಡಿ, ಕಡೆಗೆ ಒಂದನ್ನು ಎತ್ತಿ "ಪಕ್ಕಾ ಇದೇ" ಅಂದರು. ಸೀರೆ, ರೀಲು ಎರಡನ್ನೂ ಅಂಗಳದ ಬಿಸಿಲಿಗೆ ಒಯ್ದೆವು. ಸೀರೆ ಬದನೆಕಾಯಿಯೇ, ದಾರ ಮಾತ್ರ ಬೀಟ್‌ರೂಟು. ಕಾಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಕಾಕಾ ಸೋಲುವವರೇ? "ಬಿಸಲಿಂದೇ ತಪ್ಪು ಅದ" ಅಂದರು. ಆದರೆ ಸಂಜೆಗೆ ನನ್ನ ಪತ್ರದ ಕೆಳಗೆ ಬರೆದು ಕಳಿಸಿದರು: "ಬಿಳಿ ಮಂಜೂರು. ಬೂದಿ ಮಂಜೂರು. ಕಿಟಕಿ ಹಸಿರೇ ಇರತಕ್ಕದ್ದು."

ಬಣ್ಣ ಬಳಿಯುವಾಗ ದಿನವೂ ಬಂದು ನಿಂತು ಪೇಂಟರನ ಜೀವ ತಿಂದರು. ಗೋಡೆ ಒಣಗಿದ ಮೇಲೆ ನನ್ನ ದಾರ ಬಟ್ಟೆಗೆ ಕೂಡತೊಡಗಿತು, ಭಾಲ್ಕಿಯ ಆ ತಾಯಿಯೇ ಎರಡನೇ ಮಗಳ ಮದುವೆಯ ಬಟ್ಟೆಯನ್ನೂ ನನಗೇ ಕೊಟ್ಟಳು. ಕಾಕಾ ಮಾತ್ರ ಬಿಳಿ ಚಲೋ ಆಯ್ತೆಂದು ಒಮ್ಮೆಯೂ ಒಪ್ಪಲಿಲ್ಲ. ಆದರೆ ಅಂಗಡಿಯಿಂದ ತೊಗರಿಬೇಳೆ ತಂದರೆ ಸಾಕು, ಒಂದು ಮುಷ್ಟಿ ಹಿಡಿದು ಮೇಲೆ ಹತ್ತಿ, ಬಿಳಿ ಗೋಡೆಯ ಹತ್ತಿರ ಅಂಗೈ ಚಾಚಿ ನೋಡುತ್ತಿದ್ದರು. "ಬ್ಯಾಳಿಗಿ ಪಾಲಿಶ್ ಮಾಡ್ಯಾರ ನೋಡು, ಸುಳ್ಳು ನನ್ಮಕ್ಳು" ಎಂದು ಗೊಣಗಿ ಇಳಿದು ಹೋಗುತ್ತಿದ್ದರು...

ಕಾಕಾ ತೀರಿಕೊಂಡು ವರ್ಷಗಳಾದವು. ಕಾಕಿಯೂ ಇಲ್ಲ. ಈಗ ನನ್ನದೇ ಅಂಗಡಿ. ಮೊನ್ನೆ ಪ್ರೈಮರ್ ಒಣಗಿದ ಮೇಲೆ ಪೇಂಟರ್ ಶೇಡ್ ಕಾರ್ಡ್ ಬಿಚ್ಚಿ, "ಯಾವುದು ಬಳೀಬೇಕ್ರಿ ಅಕ್ಕೋರೆ?" ಅಂದ.

"ಅಚ್ಚ ಬಿಳಿ" ಅಂದೆ.

"ಆಯ್ತ್ರಿ" ಎಂದು ಬ್ರಶ್ ತೆಗೆದುಕೊಂಡ. ಯಾಕೆ ಅಂತ ಕೇಳಲೇ ಇಲ್ಲ. ಕೇಳುತ್ತಾನೇನೋ ಎಂದು ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.